ಚೌಕ ತರಂಗದ ಇಳಿಜಾರು ತಲೆ, ದುಂಡು ಮೂಲೆ

ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಎಲೆಕ್ಟ್ರಾನಿಕ್ಸ್‌ನಲ್ಲಿ ಇದಕ್ಕಿಂತ ಸಣ್ಣ ಸರ್ಕ್ಯೂಟ್ ಕಟ್ಟುವುದು ಕಷ್ಟ. ಎರಡನ್ನೂ ಒಂದರ ಹಿಂದೆ ಒಂದರಂತೆ ಜೋಡಿಸಿ ಫಂಕ್ಷನ್ ಜನರೇಟರ್‌ನಿಂದ ಚೌಕ ತರಂಗ ಕೊಟ್ಟು ನೋಡಿದರೆ, ಓಸಿಲೋಸ್ಕೋಪಿನ ಪರದೆಯ ಮೇಲೆ ಹೊರಬರುವುದು ಚೌಕವಾಗಿರುವುದಿಲ್ಲ. ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಅಳೆದರೆ ತರಂಗದ ಮಟ್ಟಸವಾದ ತಲೆ ಇಳಿಜಾರಾಗಿರುತ್ತದೆ. ಕೆಪಾಸಿಟರ್‌ನ ತುದಿಗಳ ನಡುವೆ ಅಳೆದರೆ ನೆಟ್ಟಗೆ ಏಳಬೇಕಾದ ಅಂಚು ಬಾಗಿ, ಮೂಲೆ ದುಂಡಗಾಗಿರುತ್ತದೆ. ಪಠ್ಯಪುಸ್ತಕಗಳು ಮೊದಲನೆಯದನ್ನು ಹೈ-ಪಾಸ್ ಅಧ್ಯಾಯದಲ್ಲಿ, ಎರಡನೆಯದನ್ನು ಲೋ-ಪಾಸ್ ಅಧ್ಯಾಯದಲ್ಲಿ ಬೇರೆ ಬೇರೆಯಾಗಿ ಹೇಳಿಕೊಡುತ್ತವೆ. ವಿದ್ಯಾರ್ಥಿಗಳು ಎರಡು ಸೂತ್ರಗಳನ್ನು ಬಾಯಿಪಾಠ ಮಾಡುತ್ತಾರೆ. ನನ್ನ ಮಟ್ಟಿಗೆ ಇವು ಎರಡು ವಿಷಯಗಳಲ್ಲ. ಒಂದೇ ಬಾಗು ಗೆರೆಯನ್ನು ಎರಡು ಕಡೆಯಿಂದ ನೋಡುತ್ತಿದ್ದೇವೆ, ಅಷ್ಟೆ. ಇದು ಮನಸ್ಸಿಗೆ ಹತ್ತಿತೆಂದರೆ ಸೂತ್ರ ಮರೆತರೂ ಲೆಕ್ಕ ತಪ್ಪುವುದಿಲ್ಲ.

ಚೌಕ ತರಂಗವೆಂದರೆ ಎರಡೇ ಮಟ್ಟಗಳ ನಡುವೆ ಹಾರುವ ವೋಲ್ಟೇಜ್. ನಮ್ಮ ಉದಾಹರಣೆಯಲ್ಲಿ ಅದು ಅರ್ಧ ಮಿಲಿಸೆಕೆಂಡ್ +1 ವೋಲ್ಟ್‌ನಲ್ಲಿ ನಿಂತು, ತಟ್ಟನೆ ಕೆಳಕ್ಕೆ ಹಾರಿ, ಮತ್ತೆ ಅರ್ಧ ಮಿಲಿಸೆಕೆಂಡ್ -1 ವೋಲ್ಟ್‌ನಲ್ಲಿ ನಿಲ್ಲುತ್ತದೆ. ಒಂದು ಸುತ್ತಿಗೆ 1 ಮಿಲಿಸೆಕೆಂಡ್, ಅಂದರೆ ಆವರ್ತನ 1 ಕಿಲೋಹರ್ಟ್ಸ್. ಕೆಪಾಸಿಟರ್ 0.1 ಮೈಕ್ರೊಫ್ಯಾರಡ್‌ನದು, ಬೆನ್ನ ಮೇಲೆ 104 ಎಂದು ಅಚ್ಚಾಗಿರುವ ಪುಟ್ಟ ಬಿಲ್ಲೆ. ರೆಸಿಸ್ಟರ್ 10 ಕಿಲೋ ಓಮ್.

ಕೆಪಾಸಿಟರ್‌ನ ಸ್ವಭಾವ ಒಂದೇ ಒಂದು ಗೊತ್ತಿದ್ದರೆ ಸಾಕು: ಅದರ ವೋಲ್ಟೇಜ್ ತಟ್ಟನೆ ಬದಲಾಗದು. ಚಾರ್ಜ್ ಹರಿದು ಬಂದು ತುಂಬಿದಷ್ಟೇ ಅದು ಏರುತ್ತದೆ, ಆ ಚಾರ್ಜ್ ಬರಬೇಕಾದದ್ದು ರೆಸಿಸ್ಟರ್‌ನ ಮೂಲಕ. ಎರಡು ಹಂಡೆಗಳನ್ನು ಪಕ್ಕಪಕ್ಕದಲ್ಲಿಟ್ಟು ತಳದಲ್ಲಿ ಸಣ್ಣ ಕೊಳವೆಯಿಂದ ಸೇರಿಸಿದಂತೆ ಇದು. ಒಂದು ಹಂಡೆಯ ನೀರಿನ ಮಟ್ಟವನ್ನು ಒಮ್ಮೆಲೇ ಎತ್ತರಿಸಿದರೆ ಇನ್ನೊಂದಕ್ಕೆ ನೀರು ಮೊದಲು ಜೋರಾಗಿ ಹರಿಯುತ್ತದೆ. ಮಟ್ಟಗಳ ಅಂತರ ಕಡಿಮೆಯಾದಂತೆ ಹರಿವೂ ಸೊರಗುತ್ತದೆ. ಅಂತರ ಇದ್ದಷ್ಟು ಹರಿವು, ಹರಿದಷ್ಟು ಅಂತರ ಕಡಿಮೆ. ಹೀಗೆ ನಡೆಯುವ ಯಾವ ಕ್ರಿಯೆಯಾದರೂ ಅದರ ಗೆರೆ ಮೊದಲು ಕಡಿದಾಗಿದ್ದು, ಬರಬರುತ್ತಾ ಮಲಗುತ್ತದೆ. ಅದು ಎಷ್ಟು ಬೇಗ ಮಲಗುತ್ತದೆ ಎನ್ನುವುದನ್ನು ಹೇಳುವ ಅಳತೆಯೇ ಟೈಮ್ ಕಾನ್‌ಸ್ಟಂಟ್. ರೆಸಿಸ್ಟೆನ್ಸನ್ನು ಕೆಪಾಸಿಟೆನ್ಸ್‌ನಿಂದ ಗುಣಿಸಿದರೆ ಅದು ಸಿಗುತ್ತದೆ. 10 ಕಿಲೋ ಓಮ್ ಮತ್ತು 0.1 ಮೈಕ್ರೊಫ್ಯಾರಡ್‌ಗೆ 1 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಅಂತರ ಮೊದಲಿದ್ದುದರ ಶೇ. 37ಕ್ಕೆ ಇಳಿದಿರುತ್ತದೆ. ಅದರ ಅರ್ಧ ಹೊತ್ತಿನಲ್ಲಿ, ಅಂದರೆ ನಮ್ಮ ತರಂಗ ಒಂದು ಮಟ್ಟದಲ್ಲಿ ನಿಲ್ಲುವ ಅರ್ಧ ಮಿಲಿಸೆಕೆಂಡಿನಲ್ಲಿ, ಶೇ. 60.7ಕ್ಕೆ.

ಈಗ ಹೈ-ಪಾಸ್ ಜೋಡಣೆ. ಕೆಪಾಸಿಟರ್ ದಾರಿಯಲ್ಲಿದೆ, ರೆಸಿಸ್ಟರ್ ನೆಲಕ್ಕಿದೆ, ರೆಸಿಸ್ಟರ್ ಮೇಲಿನ ವೋಲ್ಟೇಜ್ ನಮ್ಮ ಔಟ್‌ಪುಟ್. ಜನರೇಟರ್ ಆನ್ ಮಾಡುವ ಮೊದಲು ಕೆಪಾಸಿಟರ್ ಖಾಲಿ. ಇನ್‌ಪುಟ್ +1ಕ್ಕೆ ಹಾರಿದಾಗ ಕೆಪಾಸಿಟರ್ ಕದಲುವುದಿಲ್ಲ, ಆದ್ದರಿಂದ ಆ 1 ವೋಲ್ಟ್ ಪೂರ್ತಿ ರೆಸಿಸ್ಟರ್ ಮೇಲೆ ಬೀಳುತ್ತದೆ. ಅರ್ಧ ಮಿಲಿಸೆಕೆಂಡಿನಲ್ಲಿ ಅದು 0.607ಕ್ಕೆ ಇಳಿಯುತ್ತದೆ. ಆಗ ಇನ್‌ಪುಟ್ 2 ವೋಲ್ಟ್ ಕೆಳಕ್ಕೆ ಹಾರುತ್ತದೆ. ಕೆಪಾಸಿಟರ್ ಈ ಸಲವೂ ಕದಲದ್ದರಿಂದ ಔಟ್‌ಪುಟ್ ಕೂಡ ಅಷ್ಟೇ ಹಾರಿ -1.393ಕ್ಕೆ ಬರುತ್ತದೆ. ಅಲ್ಲಿಂದ ಸೊನ್ನೆಯತ್ತ ಸರಿದು -0.845. ಮತ್ತೆ 2 ವೋಲ್ಟ್ ಮೇಲಕ್ಕೆ: 1.155. ಹೀಗೆ ಪ್ರತಿ ಅರ್ಧ ಸುತ್ತಿಗೂ 0.607ರಿಂದ ಗುಣಿಸುತ್ತಾ, 2 ವೋಲ್ಟ್ ಹಾರಿಸುತ್ತಾ ಹೋದರೆ ಕೆಲವೇ ಸುತ್ತುಗಳಲ್ಲಿ ಸಂಖ್ಯೆಗಳು ಒಂದು ಕಡೆ ನೆಲೆಗೊಳ್ಳುತ್ತವೆ. ಮೇಲಕ್ಕೆ ಹಾರಿದಾಗ 1.245 ವೋಲ್ಟ್, ಅರ್ಧ ಸುತ್ತು ಮುಗಿಯುವ ಹೊತ್ತಿಗೆ 0.755. ಕೆಳಕ್ಕೆ ಹಾರಿದಾಗ -1.245, ಕೊನೆಗೆ -0.755. ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲೇ ಸರಿನೋಡಬಹುದು: 1.245ನ್ನು 0.607ರಿಂದ ಗುಣಿಸಿದರೆ 0.755 ಬರುತ್ತದೆ, ಅದರಿಂದ 2 ಕಳೆದರೆ -1.245. ಚಕ್ರ ತನ್ನನ್ನು ತಾನೇ ಮುಚ್ಚಿಕೊಂಡಿತು.

ಪರದೆಯ ಮೇಲೆ ಕಾಣುವ ಚಿತ್ರ ಹೀಗಿದೆ: ಅಂಚುಗಳು ಇನ್‌ಪುಟ್‌ನಷ್ಟೇ ನೆಟ್ಟಗಿವೆ, ಹಾರುವ ಎತ್ತರ ಅದೇ 2 ವೋಲ್ಟ್, ಆದರೆ ಮೇಲಿನ ತಲೆ ಬಲಕ್ಕೆ ಇಳಿಯುತ್ತದೆ, ಕೆಳಗಿನದು ಬಲಕ್ಕೆ ಏರುತ್ತದೆ. ಈ ಇಳಿಜಾರಿಗೇ ಟಿಲ್ಟ್ ಎನ್ನುವುದು. ತಲೆಯ ಆರಂಭಕ್ಕೂ ಕೊನೆಗೂ ಇರುವ ವ್ಯತ್ಯಾಸವನ್ನು, ಇನ್‌ಪುಟ್‌ನ ಪೀಕ್-ಟು-ಪೀಕ್ ಎತ್ತರದ ಅರ್ಧದಿಂದ ಭಾಗಿಸಿ ಶೇಕಡಾವಾರು ಹೇಳುತ್ತಾರೆ. ಇಲ್ಲಿ 1.245ರಿಂದ 0.755 ಕಳೆದು 1ರಿಂದ ಭಾಗಿಸಿದರೆ ಶೇ. 49. ಟೈಮ್ ಕಾನ್‌ಸ್ಟಂಟ್ ಅರ್ಧ ಸುತ್ತಿಗಿಂತ ದೊಡ್ಡದಿದ್ದಾಗ ಇದನ್ನು ನೇರವಾಗಿ ಅಂದಾಜು ಮಾಡಲು ಒಂದು ಸಣ್ಣ ಸೂತ್ರ ಸಾಕು:

P ≈ (T / 2RC) × 100

ಇದರಲ್ಲಿ T ಒಂದು ಸುತ್ತಿನ ಕಾಲ. ನಮ್ಮ ಅಳತೆಗೆ ಅದು ಶೇ. 50 ಎನ್ನುತ್ತದೆ. ನಿಜವಾದ 49ಕ್ಕೆ ಹತ್ತಿರವೇ ಇದೆ.

ಇನ್ನು ಲೋ-ಪಾಸ್. ಬಿಡಿಭಾಗಗಳು ಅವೇ, ಜಾಗ ಮಾತ್ರ ಅದಲು ಬದಲು: ರೆಸಿಸ್ಟರ್ ದಾರಿಯಲ್ಲಿ, ಕೆಪಾಸಿಟರ್ ನೆಲಕ್ಕೆ. ಹೊಸದಾಗಿ ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಇನ್‌ಪುಟ್ ವೋಲ್ಟೇಜನ್ನು ಎರಡು ಭಾಗಗಳು ಹಂಚಿಕೊಳ್ಳುತ್ತವೆ. ರೆಸಿಸ್ಟರ್ ತನ್ನ ಪಾಲು ಇಟ್ಟುಕೊಂಡ ಮೇಲೆ ಉಳಿದದ್ದು ಕೆಪಾಸಿಟರ್‌ನದು. ಇನ್‌ಪುಟ್ +1ರಲ್ಲಿದ್ದಾಗ ರೆಸಿಸ್ಟರ್ ಮೇಲೆ 1.245 ಇದ್ದರೆ ಕೆಪಾಸಿಟರ್ ಮೇಲೆ -0.245. ಅರ್ಧ ಸುತ್ತಿನ ಕೊನೆಗೆ ರೆಸಿಸ್ಟರ್ ಮೇಲೆ 0.755 ಉಳಿದಾಗ ಕೆಪಾಸಿಟರ್ +0.245ಕ್ಕೆ ಏರಿರುತ್ತದೆ. ರೆಸಿಸ್ಟರ್‌ನ ಕಡೆಯಲ್ಲಿ ಇಳಿಜಾರಾಗಿ ಕಂಡ 0.49 ವೋಲ್ಟ್ ಇದೆಯಲ್ಲ, ಕೆಪಾಸಿಟರ್‌ನ ಕಡೆಯಲ್ಲಿ ಏರುಗೆರೆಯಾಗಿ ಕಾಣುವುದೂ ಅದೇ 0.49. ಎರಡು ಔಟ್‌ಪುಟ್‌ಗಳನ್ನು ಪರದೆಯ ಮೇಲೆ ಕೂಡಿಸಿದರೆ ಮೂಲ ಚೌಕ ತರಂಗ ಒಂದಿಷ್ಟೂ ಕುಂದಿಲ್ಲದೆ ಮರಳಿ ಬರುತ್ತದೆ.

1 ಕಿಲೋಹರ್ಟ್ಸ್‌ನಲ್ಲಿ ಈ ಲೋ-ಪಾಸ್ ಔಟ್‌ಪುಟ್ ದುಂಡು ಮೂಲೆಯ ಚೌಕವಾಗಿಯೂ ಉಳಿದಿರುವುದಿಲ್ಲ, ಹೆಚ್ಚು ಕಡಿಮೆ ತ್ರಿಕೋನವಾಗಿರುತ್ತದೆ. ಕೆಪಾಸಿಟರ್ ತುಂಬುವ ಮೊದಲೇ ಇನ್‌ಪುಟ್ ತಿರುಗಿಬಿಡುವುದೇ ಕಾರಣ. ದುಂಡು ಮೂಲೆ ಚೆನ್ನಾಗಿ ಕಾಣಬೇಕೆಂದರೆ ಜನರೇಟರನ್ನು 100 ಹರ್ಟ್ಸ್‌ಗೆ ಇಳಿಸಬೇಕು. ಆಗ ಪ್ರತಿ ಮಟ್ಟಕ್ಕೂ 5 ಮಿಲಿಸೆಕೆಂಡ್ ಸಿಗುತ್ತದೆ. ಮೊದಲ 1 ಮಿಲಿಸೆಕೆಂಡಿನಲ್ಲಿ ಔಟ್‌ಪುಟ್ ತಾನು ಏರಬೇಕಾದ ಎತ್ತರದ ಶೇ. 63 ಮುಟ್ಟುತ್ತದೆ, ಸುಮಾರು 2.3 ಮಿಲಿಸೆಕೆಂಡಿನಲ್ಲಿ ಶೇ. 90, ಐದನೆಯದು ಮುಗಿಯುವಾಗ ಶೇ. 99 ದಾಟಿರುತ್ತದೆ. ತಲೆ ಮಟ್ಟಸವಾಗಿದೆ, ಮೂಲೆ ಮಾತ್ರ ದುಂಡಗಾಗಿದೆ. ದುಂಡಗಿರುವುದನ್ನು ಅಳೆಯುವುದಕ್ಕೆ ಲ್ಯಾಬ್‌ಗಳಲ್ಲಿ ರೈಸ್ ಟೈಮ್ ನೋಡುತ್ತಾರೆ. ಎತ್ತರದ ಶೇ. 10ರಿಂದ 90ರವರೆಗೆ ಏರಲು ಹಿಡಿಯುವ ಹೊತ್ತು ಅದು. ಇಂಥ ಸರಳ ಸರ್ಕ್ಯೂಟಿನಲ್ಲಿ ಅದು ಯಾವಾಗಲೂ ಟೈಮ್ ಕಾನ್‌ಸ್ಟಂಟ್‌ನ 2.2 ಪಟ್ಟು. ಶುರುವಿನ ಮತ್ತು ಕೊನೆಯ ಹತ್ತು ಪಾಲನ್ನು ಬಿಟ್ಟದ್ದಕ್ಕೆ ಕಾರಣವಿದೆ: ಗೆರೆ ಯಾವಾಗ ಪೂರ್ತಿ ಮೇಲೆ ತಲುಪಿತು ಎಂದು ಕಣ್ಣಿನಿಂದ ಗುರುತಿಸಲು ಆಗುವುದಿಲ್ಲ, ಅದು ತಲುಪುತ್ತಲೇ ಇರುತ್ತದೆ.

ಇದೇ 100 ಹರ್ಟ್ಸ್‌ನಲ್ಲಿ ಹೈ-ಪಾಸ್ ಕಡೆ ಏನಾಯಿತೆಂದು ನೋಡಿದರೆ ಮೊದಲ ಸಲ ಯಾರಿಗಾದರೂ ಅಚ್ಚರಿಯಾಗುತ್ತದೆ. ತಲೆ ಇಳಿದು ಇಳಿದು ಸೊನ್ನೆ ಮುಟ್ಟಿ, ಪ್ರತಿ ಅಂಚಿನಲ್ಲೂ ಒಂದೊಂದು ಚೂಪು ಮುಳ್ಳು ಮಾತ್ರ ಉಳಿದಿರುತ್ತದೆ. ಮುಳ್ಳಿನ ತುದಿ ಮೇಲೆ ಸುಮಾರು +2 ವೋಲ್ಟ್, ಕೆಳಗೆ ಸುಮಾರು -2. ಅಂದರೆ ಒಳಗೆ ಹೋದದ್ದು 2 ವೋಲ್ಟ್ ಪೀಕ್-ಟು-ಪೀಕ್, ಹೊರಗೆ ಬಂದದ್ದು ಹತ್ತಿರ ಹತ್ತಿರ 4. ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್ ವೋಲ್ಟೇಜನ್ನು ದೊಡ್ಡದು ಮಾಡಿದವೇ? ಇಲ್ಲ. ಒಂದೊಂದು ಹಾರುವಿಕೆಯೂ ಈಗಲೂ 2 ವೋಲ್ಟ್‌ನದೇ. ಆದರೆ ಪ್ರತಿ ಸಲ ಅದು ಸೊನ್ನೆಯಿಂದ ಹೊರಡುತ್ತದೆ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಮುಂದಿನ ಹಂತದಲ್ಲಿ ಹೆಚ್ಚು ವೋಲ್ಟೇಜ್ ತಡೆಯದ ಐಸಿ ಇದ್ದರೆ ಈ ಲೆಕ್ಕ ಮರೆಯಬಾರದು.

ಇಷ್ಟಾದ ಮೇಲೆ ನನಗೆ ಈ ವಿಷಯದಲ್ಲಿ ತೀರಾ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಆಂಪ್ಲಿಫೈಯರ್ ಪರೀಕ್ಷಿಸಲು ಸಾಮಾನ್ಯವಾಗಿ ಸೈನ್ ತರಂಗ ಕೊಟ್ಟು, ಬೇರೆ ಬೇರೆ ಆವರ್ತನಗಳಲ್ಲಿ ಔಟ್‌ಪುಟ್ ಎಷ್ಟು ಕುಸಿಯಿತು ಎಂದು ನೋಡುತ್ತಾರೆ. ನಮ್ಮ ಹೈ-ಪಾಸ್ ಸರ್ಕ್ಯೂಟಿನ ಕಟ್-ಆಫ್ ಆವರ್ತನ 159 ಹರ್ಟ್ಸ್. ಅದರ ಇಪ್ಪತ್ತು ಪಟ್ಟು, ಸುಮಾರು 3.2 ಕಿಲೋಹರ್ಟ್ಸ್‌ನ ಸೈನ್ ತರಂಗ ಕೊಟ್ಟರೆ ಔಟ್‌ಪುಟ್ ಕಡಿಮೆಯಾಗುವುದು ಶೇ. 0.12 ಮಾತ್ರ. ಲ್ಯಾಬಿನ ಸಾಧಾರಣ ಮೀಟರ್‌ಗೆ ಅದು ಕಾಣಿಸುವುದೇ ಇಲ್ಲ, ಸರ್ಕ್ಯೂಟ್ ಪರಿಪೂರ್ಣ ಎಂದು ಬರೆದುಕೊಂಡು ಎದ್ದು ಹೋಗಬಹುದು. ಅದೇ 3.2 ಕಿಲೋಹರ್ಟ್ಸ್‌ನ ಚೌಕ ತರಂಗ ಕೊಡಿ. ತಲೆಯ ಇಳಿಜಾರು ಶೇ. 15ಕ್ಕಿಂತ ಹೆಚ್ಚು! ದೂರದಿಂದ ನೋಡಿದರೂ ಕಾಣುತ್ತದೆ.

ಎತ್ತರ ಕುಸಿಯದೆ ಆಕಾರ ಇಷ್ಟು ಕೆಟ್ಟದ್ದು ಹೇಗೆ? ಚೌಕ ತರಂಗ ಹಲವು ಸೈನ್ ತರಂಗಗಳ ಕೂಟ. ಮೂಲ ಆವರ್ತನದ್ದು ಒಂದು, ಅದರ ಮೂರು ಪಟ್ಟಿನದು ಎತ್ತರದಲ್ಲಿ ಮೂರನೇ ಒಂದರಷ್ಟು, ಐದು ಪಟ್ಟಿನದು ಐದನೇ ಒಂದರಷ್ಟು, ಹೀಗೆ ಮುಂದಕ್ಕೆ. ಇವೆಲ್ಲ ಒಂದೇ ಕ್ಷಣದಲ್ಲಿ ಸೊನ್ನೆಯಿಂದ ಹೊರಟರೆ ಮಾತ್ರ ತಲೆ ಮಟ್ಟಸವಾಗುತ್ತದೆ. ಹೈ-ಪಾಸ್ ಸರ್ಕ್ಯೂಟ್ ಅವುಗಳ ಎತ್ತರವನ್ನು ಬಹುಮಟ್ಟಿಗೆ ಹಾಗೇ ಬಿಟ್ಟರೂ ಮೂಲ ತರಂಗವನ್ನು ಸುಮಾರು 3 ಡಿಗ್ರಿ ಮುಂದಕ್ಕೆ ಸರಿಸುತ್ತದೆ. ಮೂರು ಪಟ್ಟಿನದನ್ನು ಸರಿಸುವುದು 1 ಡಿಗ್ರಿಯ ಆಸುಪಾಸು, ಐದು ಪಟ್ಟಿನದನ್ನು ಇನ್ನೂ ಕಡಿಮೆ. ಹೀಗೆ ಸರಿದುದರಿಂದ ಪ್ರತಿಯೊಂದಕ್ಕೂ ಒಂದೊಂದು ಚಿಕ್ಕ ಹೆಚ್ಚುವರಿ ತುಣುಕು ಸೇರಿಕೊಳ್ಳುತ್ತದೆ, ಆ ತುಣುಕುಗಳನ್ನೆಲ್ಲ ಕೂಡಿಸಿದರೆ ಸಿಗುವುದು ಒಂದು ಸಣ್ಣ ತ್ರಿಕೋನ ತರಂಗ. ಚೌಕದ ಮೇಲೆ ತ್ರಿಕೋನ ಕೂತಿತು, ತಲೆ ವಾಲಿತು. ಲೋ-ಪಾಸ್ ಕಡೆಯಿಂದ ನೋಡಿದಾಗ ಕಂಡ ತ್ರಿಕೋನವೇ ಇದು, ಇಲ್ಲಿ ತಿರುವುಮುರುವಾಗಿ ಬಂದಿದೆ. ಆದ್ದರಿಂದಲೇ ಕೆಳ ಆವರ್ತನಗಳ ತೊಂದರೆ ಹುಡುಕಲು ಸೈನ್ ತರಂಗಕ್ಕಿಂತ ಚೌಕ ತರಂಗ ಎಷ್ಟೋ ಪಾಲು ಮೇಲು.

ಇಲ್ಲಿಯವರೆಗೆ ಒಂದು ಸರ್ಕ್ಯೂಟಿಗೆ ಒಂದೇ ದೋಷ ಎಂದುಕೊಂಡು ಬಂದೆವು. ನಿಜವಾದ ಆಂಪ್ಲಿಫೈಯರ್‌ನಲ್ಲಿ ಎರಡೂ ಒಟ್ಟಿಗಿರುತ್ತವೆ. ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಹೈ-ಪಾಸ್ ಆಗಿ ತಲೆಯನ್ನು ವಾಲಿಸುತ್ತದೆ. ಟ್ರಾನ್ಸಿಸ್ಟರ್ ಒಳಗಿನ, ವೈರುಗಳ ನಡುವಿನ, ಯಾರೂ ಬೇಕೆಂದು ಹಾಕದ ಕೆಪಾಸಿಟೆನ್ಸ್ ಲೋ-ಪಾಸ್ ಆಗಿ ಅಂಚನ್ನು ದುಂಡಗಾಗಿಸುತ್ತದೆ. 0.1 ಮೈಕ್ರೊಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್‌ಗೆ ಎರಡೂ ಕಡೆಯ ರೆಸಿಸ್ಟೆನ್ಸ್ ಸೇರಿ 100 ಕಿಲೋ ಓಮ್ ಸಿಕ್ಕಿದರೆ ಟೈಮ್ ಕಾನ್‌ಸ್ಟಂಟ್ 10 ಮಿಲಿಸೆಕೆಂಡ್. ಆ ಕಡೆ ಸುಮಾರು 10 ಕಿಲೋ ಓಮ್‌ಗೆ 100 ಪಿಕೊಫ್ಯಾರಡ್ ಜೊತೆಯಾದರೆ 1 ಮೈಕ್ರೊಸೆಕೆಂಡ್. ಎರಡರ ನಡುವೆ ಹತ್ತು ಸಾವಿರ ಪಟ್ಟು ಅಂತರವಿದೆ. ಆದ್ದರಿಂದ ಒಂದೇ ಆವರ್ತನದಲ್ಲಿ ಎರಡನ್ನೂ ನೋಡಲು ಹೋಗಬಾರದು. 1 ಕಿಲೋಹರ್ಟ್ಸ್‌ನಲ್ಲಿ ಇಳಿಜಾರು ಶೇ. 5, ಅಂಚು ನೆಟ್ಟಗೆ, ತರಂಗ ಬಹುತೇಕ ಸರಿಯಾಗಿಯೇ ಕಾಣುತ್ತದೆ. 100 ಹರ್ಟ್ಸ್‌ಗೆ ಇಳಿಸಿದರೆ ಇಳಿಜಾರು ಶೇ. 49ಕ್ಕೆ ಏರಿ ಕಪ್ಲಿಂಗ್ ಕೆಪಾಸಿಟರ್ ಚಿಕ್ಕದಾಯಿತೆಂದು ಹೇಳುತ್ತದೆ. 100 ಕಿಲೋಹರ್ಟ್ಸ್‌ಗೆ ಏರಿಸಿದರೆ ತಲೆ ನೇರವಾಗುತ್ತದೆ, 5 ಮೈಕ್ರೊಸೆಕೆಂಡಿನ ಅರ್ಧ ಸುತ್ತಿನಲ್ಲಿ ಸುಮಾರು 2 ಮೈಕ್ರೊಸೆಕೆಂಡಿನ ಏರು ಢಾಳಾಗಿ ಕಾಣುತ್ತದೆ. ಆಗ ಕಪ್ಲಿಂಗ್ ಕೆಪಾಸಿಟರ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ.

ಸರ್ಕ್ಯೂಟಿನಲ್ಲಿ ತಪ್ಪಿಲ್ಲದೆಯೂ ಇಳಿಜಾರು ಕಾಣುವುದುಂಟು, ಲ್ಯಾಬ್‌ಗಳಲ್ಲಿ ಇದರಿಂದ ವ್ಯರ್ಥವಾಗುವ ಸಮಯ ಕಡಿಮೆಯೇನಲ್ಲ. ಜನರೇಟರನ್ನು ನೇರವಾಗಿ ಓಸಿಲೋಸ್ಕೋಪಿಗೆ ಜೋಡಿಸಿ 50 ಹರ್ಟ್ಸ್‌ನ ಚೌಕ ತರಂಗ ಕೊಟ್ಟರೂ ತಲೆ ವಾಲಿರುತ್ತದೆ. ವಿದ್ಯಾರ್ಥಿ ಜನರೇಟರ್ ಕೆಟ್ಟಿದೆ ಎಂದು ಬದಲಿಸುತ್ತಾನೆ, ಹೊಸದರಲ್ಲೂ ಅದೇ. ದೋಷ ಇರುವುದು ಓಸಿಲೋಸ್ಕೋಪಿನ ಎಸಿ ಕಪ್ಲಿಂಗ್ ಸ್ವಿಚ್‌ನಲ್ಲಿ. ದೊಡ್ಡ ಡಿಸಿ ವೋಲ್ಟೇಜ್ ಮೇಲೆ ಕೂತ ಚಿಕ್ಕ ಏರಿಳಿತವನ್ನಷ್ಟೇ ನೋಡಲು ಒಳಗೊಂದು ಕೆಪಾಸಿಟರ್ ಇಟ್ಟಿರುತ್ತಾರೆ. 1 ಮೆಗಾ ಓಮ್ ಇನ್‌ಪುಟ್ ರೆಸಿಸ್ಟೆನ್ಸ್ ಜೊತೆ ಅದು ಹೈ-ಪಾಸ್ ಸರ್ಕ್ಯೂಟೇ ಆಗುತ್ತದೆ. ಅದರ ಕಟ್-ಆಫ್ 10 ಹರ್ಟ್ಸ್ ಎಂದಿಟ್ಟುಕೊಂಡರೆ 50 ಹರ್ಟ್ಸ್‌ನ ತರಂಗಕ್ಕೆ ಇಳಿಜಾರು ಶೇ. 61. ಸ್ವಿಚ್ಚನ್ನು ಡಿಸಿಗೆ ತಿರುಗಿಸಿದ ತಕ್ಷಣ ತಲೆ ನೇರವಾದರೆ ವಾಲಿಸಿದ್ದು ಓಸಿಲೋಸ್ಕೋಪ್. ಡಿಸಿಯಲ್ಲೂ ವಾಲಿಕೊಂಡೇ ಇದ್ದರೆ ನಿಮ್ಮ ಸರ್ಕ್ಯೂಟನ್ನೇ ನೋಡಬೇಕು.

ದುಂಡು ಮೂಲೆಯ ವಿಷಯದಲ್ಲೂ ಉಪಕರಣದ ಕೈವಾಡ ಇರಬಹುದು, ಅದರ ಮೂಲ ಪ್ರೋಬ್. ಹತ್ತು ಪಟ್ಟು ಪ್ರೋಬ್ ಎನ್ನುವುದರ ತುದಿಯಲ್ಲಿ 9 ಮೆಗಾ ಓಮ್ ರೆಸಿಸ್ಟರ್ ಇರುತ್ತದೆ. ಓಸಿಲೋಸ್ಕೋಪಿನ 1 ಮೆಗಾ ಓಮ್ ಜೊತೆ ಸೇರಿ ಅದು ವೋಲ್ಟೇಜನ್ನು ಹತ್ತನೇ ಒಂದಕ್ಕೆ ಇಳಿಸುತ್ತದೆ. ಆದರೆ ಕೇಬಲ್ಲಿಗೂ ಓಸಿಲೋಸ್ಕೋಪಿಗೂ ಸೇರಿ 100 ಪಿಕೊಫ್ಯಾರಡ್‌ನಷ್ಟು ಕೆಪಾಸಿಟೆನ್ಸ್ ಇರುತ್ತದೆ. ಹಾಗೇ ಬಿಟ್ಟರೆ ಅದು ಭಾರೀ ಲೋ-ಪಾಸ್, ರೈಸ್ ಟೈಮ್ ಸುಮಾರು 200 ಮೈಕ್ರೊಸೆಕೆಂಡ್! ಇದಕ್ಕೆ ಉಪಾಯವಾಗಿ 9 ಮೆಗಾ ಓಮ್‌ಗೆ ಅಡ್ಡಲಾಗಿ ಇನ್ನೊಂದು ಪುಟ್ಟ ಕೆಪಾಸಿಟರ್ ಇಡುತ್ತಾರೆ. ಅಂಚು ಬಂದಾಗ ರೆಸಿಸ್ಟರ್‌ಗಾಗಿ ಕಾಯದೆ ಅದರ ಮೂಲಕ ನೇರವಾಗಿ ದಾಟುತ್ತದೆ. ಹಾಗೆ ದಾಟಿದ ಎತ್ತರ, ರೆಸಿಸ್ಟರ್‌ಗಳು ಕೊನೆಗೆ ನಿಲ್ಲಿಸುವ ಎತ್ತರಕ್ಕೆ ಸಮನಾಗಿರಬೇಕು. ಕಡಿಮೆಯಾದರೆ ಉಳಿದದ್ದನ್ನು ನಿಧಾನವಾಗಿ ಏರಿ ತುಂಬಬೇಕಾಗಿ ಮೂಲೆ ದುಂಡಗಾಗುತ್ತದೆ. ಹೆಚ್ಚಾದರೆ ಅಂಚು ಮುಳ್ಳಿನಂತೆ ಮೇಲೆದ್ದು ತಲೆ ಇಳಿಜಾರಾಗುತ್ತದೆ. ಎರಡೂ ಕಡೆಯ ರೆಸಿಸ್ಟೆನ್ಸ್ ಮತ್ತು ಕೆಪಾಸಿಟೆನ್ಸ್‌ನ ಗುಣಲಬ್ಧ ಒಂದೇ ಆದಾಗ ಮಾತ್ರ ಎರಡೂ ಮಾಯ. ಅಂದರೆ ಆ ಬದಿಯಲ್ಲಿ 1 ಮೆಗಾ ಓಮ್‌ಗೆ 108 ಪಿಕೊಫ್ಯಾರಡ್ ಇದ್ದರೆ ಈ ಬದಿಯಲ್ಲಿ 9 ಮೆಗಾ ಓಮ್‌ಗೆ 12 ಇರಬೇಕು.

ಓಸಿಲೋಸ್ಕೋಪುಗಳ ಮುಂಬದಿಯಲ್ಲಿ ಪ್ರೋಬ್ ಸರಿಪಡಿಸಲೆಂದೇ ಒಂದು ಚಿಕ್ಕ ಲೋಹದ ಕೊಂಡಿ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 1 ಕಿಲೋಹರ್ಟ್ಸ್ ಚೌಕ ತರಂಗ ಬರುತ್ತಿರುತ್ತದೆ. ಆ ಆವರ್ತನ ಇದಕ್ಕೆ ಹೊಂದುವ ಕಾರಣ ಈಗ ಲೆಕ್ಕದಿಂದಲೇ ತಿಳಿಯುತ್ತದೆ: ಪ್ರೋಬ್‌ನ ಟೈಮ್ ಕಾನ್‌ಸ್ಟಂಟ್ 100 ಮೈಕ್ರೊಸೆಕೆಂಡಿನ ಆಸುಪಾಸು, ಅರ್ಧ ಸುತ್ತು 500. ಬಾಗು ಗೆರೆ ಪೂರ್ತಿಯಾಗಿ ಮಲಗಲೂ ಸಮಯವಿದೆ, ಕಣ್ಣಿಗೆ ಎದ್ದು ಕಾಣುವಷ್ಟು ಅಗಲವೂ ಇದೆ. ಪ್ರೋಬನ್ನು ಆ ಕೊಂಡಿಗೆ ಸಿಕ್ಕಿಸಿ, ಪ್ರೋಬ್‌ನ ಜೊತೆ ಕೊಡುವ ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದ ಟ್ರಿಮ್ಮರ್ ತಿರುಪನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ದುಂಡು ಮೂಲೆ ನೆಟ್ಟಗಾಗುತ್ತದೆ, ಇನ್ನೂ ತಿರುಗಿಸಿದರೆ ಮುಳ್ಳು ಏಳುತ್ತದೆ. ನಡುವೆ ತಲೆಯೂ ಮೂಲೆಯೂ ನೇರವಾಗಿರುವ ಜಾಗ ಸಿಕ್ಕಿದಾಗ ಬಿಡಬೇಕು. ಪ್ರೋಬನ್ನು ಬೇರೆ ಓಸಿಲೋಸ್ಕೋಪಿಗೆ, ಅಥವಾ ಅದೇ ಓಸಿಲೋಸ್ಕೋಪಿನ ಇನ್ನೊಂದು ಚಾನೆಲ್‌ಗೆ ಹಾಕಿದಾಗಲೂ ಇದನ್ನು ಮತ್ತೆ ನೋಡಿಕೊಳ್ಳಬೇಕು, ಏಕೆಂದರೆ ಆ ಇನ್‌ಪುಟ್‌ನ ಕೆಪಾಸಿಟೆನ್ಸ್ ಕೆಲವು ಪಿಕೊಫ್ಯಾರಡ್‌ಗಳಷ್ಟಾದರೂ ಬೇರೆ ಇರುತ್ತದೆ.